ದಾಕ್’ ಎಂಬ ಪದದ ಕೊನೆಯ ಅಕ್ಷರ

ಇಂಟರ್ನ್‌ಶಿಪ್‌ನ ಮೂರನೆಯ ವಾರದಲ್ಲಿ ನಾನು ಎಂಟನೇ ತರಗತಿಗೆ ‘ಶಬ್ದ’ ಪಾಠ ಮಾಡುತ್ತಿದ್ದೆ. ಗಂಟಲಿನ ಮೇಲೆ ಎರಡು ಬೆರಳಿಟ್ಟು ಮಾತಾಡಿ, ಯಾವ ಅಕ್ಷರಕ್ಕೆ ಕಂಪನ ಬರುತ್ತದೆ, ಯಾವುದಕ್ಕೆ ಬರುವುದಿಲ್ಲ ಎಂದು ನೋಡುವುದು ಪಾಠಯೋಜನೆಯಲ್ಲಿ ನಾನು ಬರೆದುಕೊಂಡಿದ್ದ ಚಟುವಟಿಕೆ. ಮಕ್ಕಳಿಗೆ ಬೇಸರವಾಗದಿರಲೆಂದು, “ನಿಮ್ಮ ಮನೆಮಾತಲ್ಲಿ ನೀರಿಗೆ ಏನಂತೀರಿ? ಅದನ್ನೇ ಹೇಳಿ ನೋಡಿ” ಎಂದೆ. ಕಾಫಿ ತೋಟಗಳ ನಡುವಿನ ಶಾಲೆ ಅದು. ಕನ್ನಡ, ತುಳು, ತಮಿಳು ಎಲ್ಲ ಬಂತು, ಹೇಳಿದ್ದನ್ನು ಕಪ್ಪುಹಲಗೆಯ ಮೇಲೆ ಬರೆಯುತ್ತಾ ಹೋದೆ.

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಒಂದು ಪದ ಹೇಳಿದಳು. ಅವಳ ತಂದೆತಾಯಿ ಜಾರ್ಖಂಡ್‌ನಿಂದ ತೋಟದ ಕೆಲಸಕ್ಕೆ ಬಂದವರು, ಮನೆಮಾತು ಸಂತಾಲಿ. ನಾನು ‘ದಾ’ ಎಂದು ಬರೆದೆ. ಅವಳು ತಲೆಯಾಡಿಸಿದಳು. ಮತ್ತೊಮ್ಮೆ ಹೇಳಿಸಿ ‘ದಾಕ್’ ಎಂದು ಬರೆದೆ. ಅದೂ ಅಲ್ಲ ಎಂದಳು. ‘ದಾಗ್’ ಎಂದಾಗ ತರಗತಿ ನಗಲು ಶುರುಮಾಡಿತು, ಅವಳು ಕುಳಿತುಬಿಟ್ಟಳು. ನಾನು ಹಲಗೆ ಒರೆಸಿ ಪಾಠ ಮುಂದುವರಿಸಿದೆ. ಅವಲೋಕನಕ್ಕೆ ಕುಳಿತಿದ್ದ ಮಾರ್ಗದರ್ಶಿ ಶಿಕ್ಷಕರು ಆ ದಿನ ನನ್ನ ಪುಸ್ತಕದಲ್ಲಿ ಒಂದೇ ಪ್ರಶ್ನೆ ಬರೆದರು: “ಆ ಪದದ ಕೊನೆಯಲ್ಲಿ ಏನಿತ್ತು?”

ಉತ್ತರ ಹುಡುಕಲು ನನಗೆ ಎರಡು ತಿಂಗಳು ಬೇಕಾಯಿತು. ಬರಹವಿಲ್ಲದ ಭಾಷೆಗೆ ಅಕ್ಷರ ಕಟ್ಟುವವರು ಎದುರಿಸುವ ಮುಖ್ಯ ಪ್ರಶ್ನೆಯೇ ಆ ಒಂದು ಪದದೊಳಗೆ ಇತ್ತು. ನಾನು ಭಾಷಾಶಾಸ್ತ್ರದವಳಲ್ಲ, ಭೌತಶಾಸ್ತ್ರದವಳು. ಹಾಗಾಗಿ ಮೊದಲು ಪ್ರಯೋಗದಿಂದಲೇ ಆರಂಭಿಸಿದೆ.

ತೆಳುವಾದ ಕಾಗದದ ಪಟ್ಟಿಯನ್ನು ಬಾಯಿಯ ಮುಂದೆ ಹಿಡಿದು ‘ಲಾಕ್’, ‘ಚೆಕ್’ ಎಂದು ಸ್ಪಷ್ಟವಾಗಿ ಹೇಳಿ. ಕೊನೆಯ ಕ್ ಬಿಡುವಾಗ ಕಾಗದ ಸ್ವಲ್ಪ ಅಲುಗುತ್ತದೆ. ನಾಲಿಗೆಯ ಹಿಂಭಾಗ ಮೇಲಕ್ಕೆ ಅಂಟಿಕೊಂಡು, ಹಿಂದೆ ಗಾಳಿ ಕೂಡಿ, ಬಿಟ್ಟಾಗ ಹೊರಗೆ ನುಗ್ಗುವುದೇ ಇದಕ್ಕೆ ಕಾರಣ. ಅದೇ ಪಟ್ಟಿಯನ್ನು ಆ ಹುಡುಗಿಯ ಬಾಯಿಯ ಮುಂದೆ ಹಿಡಿದು ನೀರಿನ ಪದ ಹೇಳಿಸಿದಾಗ ಕೊನೆಯಲ್ಲಿ ಕಾಗದ ಅಲುಗಲಿಲ್ಲ. ನಾಲಿಗೆ ಮೇಲೆ ಅಂಟುವುದು ನಿಜ, ಆದರೆ ಅದೇ ಹೊತ್ತಿಗೆ ಗಂಟಲಲ್ಲಿ ಧ್ವನಿತಂತುಗಳೂ ಮುಚ್ಚಿಕೊಳ್ಳುತ್ತವೆ. ಗಾಳಿ ಕೂಡುವುದಿಲ್ಲ, ಹೊರಗೆ ಸಿಡಿಯುವುದೂ ಇಲ್ಲ. ಪದ ತಟ್ಟನೆ ಕತ್ತರಿಸಿದ ಹಾಗೆ ನಿಂತುಬಿಡುತ್ತದೆ. ನಾನು ಮೊದಲು ‘ದಾ’ ಎಂದು ಬರೆದದ್ದು ಅದಕ್ಕೇ.

ಹಾಗಾದರೆ ಬಾಯೊಳಗೆ ಅಲ್ಲಿ ‘ಕ್’ ಇದೆಯೆಂದು ಕೇಳುವವರಿಗೆ ಗೊತ್ತಾಗುವುದು ಹೇಗೆ? ನಾಲಿಗೆ ಮುಚ್ಚುವ ಜಾಗದ ಕಡೆ ಹೋಗುತ್ತಿರುವಾಗಲೇ ಅದರ ಹಿಂದಿನ ಸ್ವರದ ಬಾಲ ಬದಲಾಗುತ್ತದೆ. ಹಿಂದೆ ಮುಚ್ಚಿದರೆ ಒಂದು ಬಗೆ, ಹಲ್ಲಿನ ಹತ್ತಿರ ಮುಚ್ಚಿದರೆ ಇನ್ನೊಂದು, ತುಟಿಯಲ್ಲಾದರೆ ಮತ್ತೊಂದು. ಸಂತಾಲಿ ಕಿವಿ ಆ ಬಾಲವನ್ನು ಕೇಳಿಸಿಕೊಳ್ಳುತ್ತದೆ. ನಮ್ಮ ಕಿವಿಗೆ ಆ ಅಭ್ಯಾಸವಿಲ್ಲ. ಇಂಥ ತಡೆದ ವ್ಯಂಜನಗಳು ಸಂತಾಲಿಯಲ್ಲಿ ನಾಲ್ಕಿವೆ. ಅವನ್ನು ನಾನು ಇಲ್ಲಿ ಕ್’, ಚ್’, ತ್’, ಪ್’ ಎಂದು ಮೇಲೊಂದು ಗೀಟು ಹಾಕಿ ಬರೆಯುತ್ತೇನೆ. ನೀರು ಎಂದರೆ ದಾಕ್’. ಸಾಮಾನ್ಯ ಕ-ಕಾರವೂ ಆ ಭಾಷೆಯಲ್ಲಿ ಬೇರೆಯಾಗಿ ಇದೆ: ದಾಕಾ ಎಂದರೆ ಅನ್ನ.

ಹೊಸ ಶಬ್ದ ಕಿವಿಗೆ ಬಿದ್ದ ತಕ್ಷಣ ಅದಕ್ಕೊಂದು ಹೊಸ ಅಕ್ಷರ ಮಾಡಿಬಿಡೋಣ ಅನ್ನಿಸುತ್ತದೆ. ನನಗೂ ಅನ್ನಿಸಿತು. ಆದರೆ ಬಾಯಲ್ಲಿ ಬರುವ ಪ್ರತಿಯೊಂದು ಶಬ್ದಕ್ಕೂ ಅಕ್ಷರ ಕೊಡುವ ಭಾಷೆ ಯಾವುದೂ ಇಲ್ಲ, ನಮ್ಮದೂ ಅಲ್ಲ. ಅಂಗಿ, ಅಂಚು, ಅಂಟು, ಅಂದ, ಅಂಬು ಎಂಬ ಐದು ಪದಗಳನ್ನು ನಿಧಾನವಾಗಿ ಹೇಳಿ ನೋಡಿ. ಸೊನ್ನೆಯ ಜಾಗದಲ್ಲಿ ನಾಲಿಗೆ ಐದು ಕಡೆ ಹೋಗುತ್ತದೆ, ಐದು ಬೇರೆ ಅನುನಾಸಿಕಗಳು ಹುಟ್ಟುತ್ತವೆ. ನಾವು ಬರೆಯುವುದು ಒಂದೇ ಸೊನ್ನೆ. ಒಂದನೇ ತರಗತಿಯ ಮಗು ಕೂಡ ಓದುವಾಗ ಎಡವುವುದಿಲ್ಲ, ಏಕೆಂದರೆ ಮುಂದಿನ ವ್ಯಂಜನವೇ ಯಾವ ಉಚ್ಚಾರವೆಂದು ತೀರ್ಮಾನಿಸುತ್ತದೆ. ಈ ಐದರ ವ್ಯತ್ಯಾಸ ಅಲ್ಲಿ ಅರ್ಥವನ್ನು ಬದಲಿಸುವುದಿಲ್ಲ. ಆದರೆ ಮರ, ಬರ, ಸರ ಎಂಬಲ್ಲಿ ಮೊದಲ ಶಬ್ದ ಬದಲಾದರೆ ಪದವೇ ಬೇರೆ. ಹೀಗೆ ಅರ್ಥವನ್ನು ಬೇರೆಮಾಡುವ ಶಬ್ದದ ಘಟಕಕ್ಕೆ ಧ್ವನಿಮಾ ಎನ್ನುತ್ತಾರೆ. ಅಕ್ಷರ ಬೇಕಾಗುವುದು ಧ್ವನಿಮಾಗೆ. ಒಂದೇ ಧ್ವನಿಮಾ ಜಾಗಕ್ಕೆ ತಕ್ಕಂತೆ ತೊಡುವ ಬೇರೆ ಬೇರೆ ವೇಷಗಳಿಗೆ ಬೇರೆ ಅಕ್ಷರ ಬೇಡ.

ಕಷ್ಟವೇನೆಂದರೆ, ಯಾವುದು ಧ್ವನಿಮಾ, ಯಾವುದು ವೇಷ ಎಂಬುದು ಭಾಷೆಯಿಂದ ಭಾಷೆಗೆ ಬದಲಾಗುತ್ತದೆ. ನಮ್ಮ ವರ್ಣಮಾಲೆಯಲ್ಲಿ ಙ, ಞ ಇವೆ, ಆದರೆ ಕನ್ನಡ ಬರೆಯುವಾಗ ಅವುಗಳನ್ನು ಬಳಸುವುದು ಎಷ್ಟು ಸಲ? ಸಂತಾಲಿಯಲ್ಲಿ ಅವು ನಿತ್ಯದ ಶಬ್ದಗಳು. ಇಞ್ ಎಂದರೆ ನಾನು, ಞೆಲ್ ಎಂದರೆ ನೋಡು, ಬಾಙ್ ಎಂದರೆ ಇಲ್ಲ. ಇನ್ನೊಂದು ದಿಕ್ಕಿನಲ್ಲಿ, ನಮಗೆ ಪ್ರಾಣವಾಗಿರುವ ಹ್ರಸ್ವ-ದೀರ್ಘ ಭೇದ ಸಂತಾಲಿಯಲ್ಲಿ ಅರ್ಥಭೇದ ಮಾಡುವುದಿಲ್ಲ. ದಾಕ್’ ಅನ್ನು ನಾನು ದೀರ್ಘವಾಗಿ ಬರೆಯುತ್ತಿರುವುದು ನನ್ನ ಕನ್ನಡ ಕಿವಿಯ ಕೆಲಸ.

ಇದನ್ನು ಓದಿದ ಸಂಜೆ ನಾನು ಆ ಹುಡುಗಿಯ ಕನ್ನಡ ನೋಟ್‌ಬುಕ್ ತೆರೆದೆ. ಹಡು, ಮತು, ಕಾಡಲೆ, ಶಲೆ. ಕೆಂಪು ಶಾಯಿಯಲ್ಲಿ ಸುತ್ತು ಹಾಕಿದವಳು ನಾನೇ. ‘ಅಜಾಗರೂಕತೆ’ ಎಂದು ಪಕ್ಕದಲ್ಲಿ ಬರೆದಿದ್ದೆ. ಒಂದು ಪುಟದಲ್ಲಿದ್ದ ಹದಿನಾಲ್ಕು ತಪ್ಪುಗಳಲ್ಲಿ ಹನ್ನೊಂದು ಹ್ರಸ್ವ-ದೀರ್ಘದವು. ಆ ಭೇದವನ್ನು ಕೇಳಿಸಿಕೊಳ್ಳಬೇಕೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ನಾನು ದಾಕ್’ ಕೇಳಿಸಿಕೊಳ್ಳದಿದ್ದ ಹಾಗೆ. ಕಡಲೆ-ಕಾಡು, ಹಡಗು-ಹಾಡು ಎಂದು ಜೋಡಿ ಜೋಡಿಯಾಗಿ ಹೇಳಿಸಿ ಕಿವಿ ತಿದ್ದುವ ಕೆಲಸವನ್ನು ಮರುದಿನದಿಂದ ಶುರುಮಾಡಿದೆ. ಕೆಂಪು ಶಾಯಿಯ ಬಗ್ಗೆ ಇಷ್ಟು ಸಾಕು.

ಸಂತಾಲಿಗೆ ಅಕ್ಷರಗಳು ಆಗಲೇ ಇವೆ ಎಂಬುದು ನನಗೆ ತಡವಾಗಿ ತಿಳಿಯಿತು. ಅದಕ್ಕೂ ಮೊದಲು ನಾನೇ ಕನ್ನಡ ಲಿಪಿಯಲ್ಲಿ ಒಂದು ಏರ್ಪಾಡು ಮಾಡಿದ್ದೆ. ಹುಡುಗಿಯ ತಾಯಿ ಹಿಂದಿಯಲ್ಲಿ ಅರ್ಥ ಹೇಳುತ್ತಿದ್ದರು, ಮಗಳು ಸಂತಾಲಿ ಪದ ಹೇಳುತ್ತಿದ್ದಳು, ನಾನು ಬರೆಯುತ್ತಿದ್ದೆ. ಸುಮಾರು ನೂರ ಇಪ್ಪತ್ತು ಪದಗಳು, ಕೆಲವು ಸಣ್ಣ ವಾಕ್ಯಗಳು. ನಾಲ್ಕು ತಡೆದ ವ್ಯಂಜನಗಳಿಗೆ ಅಕ್ಷರದ ಮೇಲೆ ಗೀಟು. ಗ, ಜ, ದ, ಬ ಇದ್ದಲ್ಲಿ ನಮ್ಮ ಅಕ್ಷರಗಳೇ. ಕಿವಿಗೆ ಕೇಳಿದ್ದನ್ನು ಕೇಳಿದಂತೆ ಬರೆದಿದ್ದೇನೆಂದು ನನಗೆ ಹೆಮ್ಮೆಯಿತ್ತು.

ಪರೀಕ್ಷೆ ಮಾಡಿದ್ದು ಹೀಗೆ: ಹೇಳಿಸಿದ ವಾಕ್ಯಗಳನ್ನು ಒಂದು ವಾರ ಬಿಟ್ಟು, ಅರ್ಥ ಬರೆಯದೆ, ಬರೀ ಅಕ್ಷರ ತೋರಿಸಿ ಓದಿಸುವುದು. ಹುಡುಗಿ ಬಹುಪಾಲು ಓದಿದಳು. ಎರಡು ವಾಕ್ಯಗಳ ಹತ್ತಿರ ನಿಂತಳು. ಒಂದು ಸಬೆಮ್, ಅಂದರೆ ‘ಅವನನ್ನು ಹಿಡಿ’. ಇನ್ನೊಂದು ಸಪ್’ಕೊಮ್, ‘ಅವರನ್ನು ಹಿಡಿ’. ನಡುವಿನ ಎ ಎಂದರೆ ಅವನನ್ನು, ಕೊ ಎಂದರೆ ಅವರನ್ನು, ಕೊನೆಯ ಮ್ ಎಂದರೆ ನೀನು.

“ಮಿಸ್, ಇದು ಒಂದೇ ಮಾತು ಅಲ್ವಾ? ಇಲ್ಲಿ ಯಾಕೆ ಬ, ಅಲ್ಲಿ ಯಾಕೆ ಪ?” ಎಂದಳು.

“ನೀನು ಹೇಳಿದ್ದು ಹಾಗೇ ಅಲ್ವೇನೇ? ಒಮ್ಮೆ ಸಬ್, ಒಮ್ಮೆ ಸಪ್’.”

“ಇಲ್ಲ ಮಿಸ್, ನಾನು ಒಂದೇ ಹೇಳಿದ್ದು.”

ಅವಳು ಹೇಳಿದ್ದು ಎರಡು ಬಗೆಯಾಗಿಯೇ, ನನ್ನ ಮೊಬೈಲ್ ಧ್ವನಿಮುದ್ರಣದಲ್ಲಿ ಇವತ್ತಿಗೂ ಇದೆ. ಆದರೂ ಅವಳದೇ ಸರಿ. ‘ಹಿಡಿ’ ಎಂಬ ಆ ಧಾತು ಸ್ವರದ ಮುಂದೆ ಬಂದಾಗ ತಡೆ ಬಿಟ್ಟು ಬ್ ಆಗುತ್ತದೆ. ವ್ಯಂಜನದ ಮುಂದೆ ಅಥವಾ ಪದದ ಕೊನೆಯಲ್ಲಿ ಪ್’ ಆಗಿ ಕತ್ತರಿಸಿಕೊಳ್ಳುತ್ತದೆ. ಅದೇ ರೀತಿ ಞೆಲ್-ಕೆದ್-ಎ ಎಂದರೆ ಅವನನ್ನು ನೋಡಿದ್ದು, ಞೆಲ್-ಕೆತ್’-ಕೊ ಎಂದರೆ ಅವರನ್ನು ನೋಡಿದ್ದು. ಆಗಿಹೋದ ಕೆಲಸವನ್ನು ಹೇಳುವ ಪ್ರತ್ಯಯ ಒಂದೇ, ಸ್ವರದ ಮುಂದೆ ಕೆದ್, ಬೇರೆಡೆ ಕೆತ್’. ಪುಟ ತಿರುವಿ ನೋಡಿದರೆ ಇದೇ ಚಿತ್ರ: ತಡೆದ ನಾಲ್ಕು ವ್ಯಂಜನಗಳು ಸ್ವರದ ಮುಂದೆ ಎಲ್ಲಿಯೂ ಇಲ್ಲ, ಸಂತಾಲಿಯ ಸ್ವಂತ ಪದಗಳ ಕೊನೆಯಲ್ಲಿ ಗ್, ಜ್, ದ್, ಬ್ ಎಲ್ಲಿಯೂ ಇಲ್ಲ. ಇಬ್ಬರು ಎಂದೂ ಒಂದೇ ಜಾಗದಲ್ಲಿ ಭೇಟಿಯಾಗುವುದಿಲ್ಲ, ನಮ್ಮ ಸೊನ್ನೆಯ ಐದು ವೇಷಗಳ ಹಾಗೆ.

ಇಲ್ಲಿ ಲಿಪಿ ಕಟ್ಟುವವರು ಆಯ್ಕೆ ಮಾಡಲೇಬೇಕು. ಸಂತಾಲಿಯ ವಿಷಯದಲ್ಲಿ ಎರಡು ಆಯ್ಕೆಗಳನ್ನೂ ಬೇರೆ ಬೇರೆಯವರು ಮಾಡಿದ್ದಾರೆ. ರೋಮನ್ ಅಕ್ಷರಗಳಲ್ಲಿ ಬರೆದ ಮಿಷನರಿಗಳು ಕಿವಿಯನ್ನು ನೆಚ್ಚಿದರು. ನಾರ್ವೆಯ ಪಿ. ಓ. ಬೋಡಿಂಗ್ ಅವರ ಐದು ಸಂಪುಟಗಳ ಸಂತಾಲಿ ನಿಘಂಟು 1929ರಿಂದ 1936ರವರೆಗೆ ಹೊರಬಂತು. ಅದರಲ್ಲಿ ತಡೆದ ಕ, ಚ, ತ, ಪಗಳಿಗೆ ಅಕ್ಷರದ ಪಕ್ಕ ಚಿಹ್ನೆಯಿದೆ, ಸ್ವರದ ಮುಂದೆ ಗ, ಜ, ದ, ಬಗಳ ಅಕ್ಷರಗಳೇ ಇವೆ. ಭಾಷೆ ಬಾರದ ಹೊರಗಿನವರು ಅದನ್ನು ನೋಡಿ ಸುಮಾರಾಗಿ ಸರಿಯಾಗಿಯೇ ಉಚ್ಚರಿಸಬಹುದು. ನನ್ನ ನೋಟ್‌ಬುಕ್‌ನ ದಾರಿಯೂ ಅದೇ ಆಗಿತ್ತು. ನಾನೂ ಹೊರಗಿನವಳೇ.

ಇನ್ನೊಂದು ದಾರಿ ಹಿಡಿದವರು ಪಂಡಿತ್ ರಘುನಾಥ ಮುರ್ಮು. ಒಡಿಶಾದ ಮಯೂರಭಂಜ್, ಆಗ ಅದು ದೇಶೀಯ ಸಂಸ್ಥಾನ. ಅಲ್ಲಿ 1905ರಲ್ಲಿ ಹುಟ್ಟಿದ ಅವರು ಮುಂದೆ ಶಾಲಾ ಮಾಸ್ತರರಾದರು. ಅವರ ಮನೆಮಾತು ಸಂತಾಲಿ. 1925ರಲ್ಲಿ ಅವರು ಓಲ್ ಚಿಕಿ ಎಂಬ ಹೊಸ ಅಕ್ಷರಮಾಲೆಯನ್ನು ರೂಪಿಸಿದರು. ಅದರಲ್ಲಿ 30 ಅಕ್ಷರಗಳು, ಆರು ಸಾಲು, ಸಾಲಿಗೆ ಐದು. ಪ್ರತಿ ಸಾಲಿನ ಮೊದಲನೆಯದು ಸ್ವರ, ಉಳಿದ ನಾಲ್ಕು ವ್ಯಂಜನ. ನಮ್ಮ ಲಿಪಿಯಂತೆ ವ್ಯಂಜನದ ಒಳಗೆ ಅಡಗಿದ ಅ-ಕಾರ ಅದರಲ್ಲಿಲ್ಲ. ಸ್ವರ ಬಂದಾಗಲೆಲ್ಲ ಅದನ್ನು ಬಿಡಿಯಾಗಿ ಬರೆಯಬೇಕು, ಸ್ವರವಿಲ್ಲದಿದ್ದರೆ ಏನೂ ಬರೆಯಬೇಕಿಲ್ಲ. ಪದಗಳು ಹೆಜ್ಜೆಹೆಜ್ಜೆಗೂ ವ್ಯಂಜನದಲ್ಲಿ ಮುಗಿಯುವ ಭಾಷೆಗೆ ಇದು ಎಷ್ಟು ಹೊಂದುತ್ತದೆಂದು ನನ್ನ ನೋಟ್‌ಬುಕ್ಕಿನ ಅರ್ಧಾಕ್ಷರಗಳ ಸಾಲನ್ನು ನೋಡಿದರೆ ಗೊತ್ತಾಗುತ್ತದೆ. ಮಹಾಪ್ರಾಣಕ್ಕೂ ಬೇರೆ ಅಕ್ಷರಗಳಿಲ್ಲ. ಅಲ್ಪಪ್ರಾಣದ ಮುಂದೆ ಒಂದೇ ಉಸಿರಿನ ಅಕ್ಷರ ಸೇರಿಸಿದರೆ ಆಯಿತು. ನಾವು ಹತ್ತು ಅಕ್ಷರ ಕಲಿಸುವಲ್ಲಿ ಅವರಿಗೆ ಒಂದು ಸಾಕು.

ಆ ನಾಲ್ಕು ತಡೆದ ವ್ಯಂಜನಗಳಿಗೆ ಮುರ್ಮು ಹೊಸ ಅಕ್ಷರ ಮಾಡಲಿಲ್ಲ. ಅಗ್, ಆಜ್, ಉದ್, ಒಬ್ ಎಂಬ ನಾಲ್ಕು ಅಕ್ಷರಗಳು ಎರಡೂ ಕೆಲಸ ಮಾಡುತ್ತವೆ. ಸ್ವರದ ಮುಂದೆ ಇದ್ದರೆ ಗ, ಜ, ದ, ಬ ಎಂದು ಓದು. ಕೊನೆಯಲ್ಲಿದ್ದರೆ ಕ್’, ಚ್’, ತ್’, ಪ್’ ಎಂದು ಓದು. ಸಬೆಮ್ ಮತ್ತು ಸಪ್’ಕೊಮ್ ಎರಡರಲ್ಲೂ ಧಾತುವಿನ ಕೊನೆಗೆ ಒಬ್ ಅಕ್ಷರವೇ ಬರುತ್ತದೆ. ‘ಹಿಡಿ’ ಎಂಬ ಧಾತು ಯಾವಾಗಲೂ ಕಣ್ಣಿಗೆ ಒಂದೇ ರೂಪದಲ್ಲಿ ಕಾಣುತ್ತದೆ. ಭಾಷೆ ಬಲ್ಲವರು ಉಚ್ಚಾರವನ್ನು ತಾವಾಗಿಯೇ ಹೊಂದಿಸಿಕೊಳ್ಳುತ್ತಾರೆ, ಸೊನ್ನೆಯನ್ನು ನಾವು ಹೊಂದಿಸಿಕೊಳ್ಳುವಂತೆ. ಹುಡುಗಿ “ನಾನು ಒಂದೇ ಹೇಳಿದ್ದು” ಎಂದಳಲ್ಲ, ಆ ಮಾತಿನ ಮೇಲೆಯೇ ಈ ಲಿಪಿ ನಿಂತಿದೆ.

ಅಕ್ಷರಗಳ ಹೆಸರಿನಲ್ಲೂ ಒಂದು ಜಾಣತನ ಇದೆ ಎಂದು ನನಗೆ ಅನ್ನಿಸುತ್ತದೆ. ನಾವು ಕ, ಗ, ದ ಎಂದು ವ್ಯಂಜನದಿಂದ ಶುರುಮಾಡಿ ಸ್ವರದಲ್ಲಿ ಮುಗಿಸುತ್ತೇವೆ. ಓಲ್ ಚಿಕಿಯಲ್ಲಿ ತಲೆಕೆಳಗು: ಸಾಲಿನ ಸ್ವರ ಮೊದಲು, ವ್ಯಂಜನ ಕೊನೆಗೆ. ಮೊದಲ ಸಾಲು ಅತ್, ಅಗ್, ಅಙ್, ಅಲ್ ಎಂದು ಹೋಗುತ್ತದೆ (ಅಲ್ಲಿನ ಅ ನಮ್ಮ ಅ ಮತ್ತು ಒಗಳ ನಡುವಿನದು). ವ್ಯಂಜನ ಕೊನೆಯಲ್ಲಿ ಬರುವುದರಿಂದ ತಡೆದ ಉಚ್ಚಾರ ಅಕ್ಷರದ ಹೆಸರು ಹೇಳುವಾಗಲೇ ಬಾಯಿಗೆ ಬಂದುಬಿಡುತ್ತದೆ. ಪದದ ಆರಂಭಕ್ಕೆ ಎಂದೂ ಬಾರದ ಙ್ ಅನ್ನೂ ಹೀಗೆ ಸಲೀಸಾಗಿ ಹೇಳಬಹುದು. ಹಲವು ಹೆಸರುಗಳು ಪದಗಳೂ ಹೌದು, ಆಕಾರ ಆ ಪದದ ವಸ್ತುವಿನಿಂದ ಬಂದದ್ದು. ಉದ್ ಎಂದರೆ ಅಣಬೆ, ಇರ್ ಎಂದರೆ ಕೊಯ್ಯುವುದು, ಅದರ ಆಕಾರ ಕುಡುಗೋಲಿನದು. ಆಮ್ ಎಂದರೆ ನೀನು, ಇಞ್ ಎಂದರೆ ನಾನು.

ಈ ಆಯ್ಕೆಗೆ ಬೆಲೆ ಇಲ್ಲದೆ ಇಲ್ಲ. ಹಿಂದಿ, ಬಾಂಗ್ಲಾ, ಇಂಗ್ಲಿಷ್‌ನಿಂದ ಬಂದ ಪದಗಳು ಗ್, ದ್, ಬ್‌ಗಳಲ್ಲಿ ಮುಗಿಯುತ್ತವೆ. ‘ಕ್ಲಬ್’ ಎಂದು ಬರೆದರೆ ನಿಯಮದ ಪ್ರಕಾರ ಕೊನೆಯ ಒಬ್ ಅನ್ನು ಪ್’ ಎಂದು ಕತ್ತರಿಸಿ ಓದಬೇಕಾಗುತ್ತದೆ. ಅದಕ್ಕಾಗಿ ಅಹದ್ ಎಂಬ ಚಿಹ್ನೆ ಇದೆ, ಅದು ಬಂದರೆ ತಡೆ ಬೇಡ, ಬ್ ಎಂದೇ ಓದು ಎಂದರ್ಥ. ಇದಕ್ಕೆ ವಿರುದ್ಧವಾಗಿ, ಸ್ವರ ಮುಂದಿದ್ದರೂ ತಡೆಯನ್ನು ಉಳಿಸಬೇಕಾದಲ್ಲಿ ಹಾಕಲು ಫಾರ್ಕಾ ಎಂಬ ಸಣ್ಣ ಅಡ್ಡಗೆರೆ ಇದೆ. ಸಾಮಾನ್ಯ ಸಂಗತಿಗೆ ಚಿಹ್ನೆಯಿಲ್ಲ, ಅಪರೂಪದ್ದಕ್ಕೆ ಮಾತ್ರ ಚಿಹ್ನೆ. ನನ್ನ ಏರ್ಪಾಡಿನಲ್ಲಿ ಇದು ಉಲ್ಟಾ ಆಗಿತ್ತು: ಪುಟಕ್ಕೆ ನಲವತ್ತು ಗೀಟುಗಳು, ಅದರಲ್ಲಿ ಅರ್ಧವನ್ನು ನಾನೇ ಹಾಕಲು ಮರೆತಿದ್ದೆ. ಒಂದು ಲಿಪಿಯಲ್ಲಿ ಬರೆಯುವವರು ಯಾವ ಚಿಹ್ನೆಯನ್ನು ಪದೇ ಪದೇ ಬಿಟ್ಟುಬಿಡುತ್ತಾರೋ ಅದು ಬಹುಶಃ ಅವರಿಗೆ ಬೇಡವಾದದ್ದು ಎಂದು ಅನುಮಾನಿಸಬಹುದು.

ಸ್ವರಗಳ ವಿಷಯ ಅಷ್ಟು ಅಂದವಾಗಿ ಮುಗಿಯುವುದಿಲ್ಲ. ಆರು ಸ್ವರಾಕ್ಷರಗಳು ಎಲ್ಲ ಕಡೆಯ ಸಂತಾಲಿಗೂ ಸಾಲುವುದಿಲ್ಲ. ಸಂತಾಲ್ ಪರಗಣದ ಮಾತಿನಲ್ಲಿ ಇನ್ನೂ ಕೆಲವು ಸ್ವರಗಳಿವೆ, ಅದಕ್ಕಾಗಿ ಮೂರು ಸ್ವರಗಳ ಪಕ್ಕ ಕೆಳಗೆ ಚುಕ್ಕಿ ಇಡುವ ಪದ್ಧತಿ ಇದೆ. ಧ್ವನಿಮಾಗಳನ್ನು ಎಣಿಸಿ ಅಕ್ಷರ ಕೊಡುವುದೆಂದರೆ ಯಾರ ಬಾಯಿಯ ಧ್ವನಿಮಾ ಎಂದೂ ಕೇಳಬೇಕು. ನಾನು ಒಂದೇ ಮನೆಯ ಇಬ್ಬರನ್ನು ಕೇಳಿ ಬರೆದವಳು, ನನ್ನ ಪಟ್ಟಿ ಆ ಮನೆಯದು ಮಾತ್ರ. ಇದಲ್ಲದೆ ಸಂತಾಲಿಯನ್ನು ಇವತ್ತಿಗೂ ಬಾಂಗ್ಲಾ, ಒಡಿಯಾ, ದೇವನಾಗರಿ, ರೋಮನ್ ಲಿಪಿಗಳಲ್ಲೂ ಬರೆಯುತ್ತಾರೆ. ಓಲ್ ಚಿಕಿಗೆ 2008ರಲ್ಲಿ ಯೂನಿಕೋಡ್‌ನಲ್ಲಿ ಜಾಗ ಸಿಕ್ಕಿದ್ದರಿಂದ ಈಗ ಅದನ್ನು ಮೊಬೈಲ್‌ನಲ್ಲೂ ಟೈಪ್ ಮಾಡಬಹುದು.

ಆ ಮೊಬೈಲೇ ಕೊನೆಗೆ ನನ್ನ ಕೆಲಸಕ್ಕೆ ಬಂತು. ಇಂಟರ್ನ್‌ಶಿಪ್ ಮುಗಿಯುವ ಹಿಂದಿನ ದಿನ ನೀರಿನ ಪದವನ್ನು ಓಲ್ ಚಿಕಿಯಲ್ಲಿ ದೊಡ್ಡದಾಗಿ ತೆರೆದು ಹುಡುಗಿಗೆ ತೋರಿಸಿದೆ. ಊರಿನಲ್ಲಿ ದೊಡ್ಡಪ್ಪನ ಮಗ ಈ ಅಕ್ಷರ ಕಲಿತಿದ್ದಾನೆಂದು ಅವಳಿಗೆ ಗೊತ್ತಿತ್ತು, ಓದಲು ಮಾತ್ರ ಬರುತ್ತಿರಲಿಲ್ಲ. ಮೂರು ಅಕ್ಷರಗಳು: ಉದ್, ಆ, ಅಗ್. ಹೆಸರು ಹೇಳಿಕೊಟ್ಟೆ. ಉದ್ ಮೊದಲಿದೆ, ಮುಂದೆ ಸ್ವರವಿದೆ, ಆದ್ದರಿಂದ ದ. ಅಗ್ ಕೊನೆಯಲ್ಲಿದೆ. ಇಷ್ಟು ಹೇಳುವಷ್ಟರಲ್ಲಿ ಅವಳು ಪದವನ್ನು ಓದಿ, ಕೊನೆಯನ್ನು ತಟ್ಟನೆ ನಿಲ್ಲಿಸಿದಳು. ಆಮೇಲೆ ಚಾಕ್ ತೆಗೆದುಕೊಂಡು ಹಲಗೆಯ ಮೇಲೆ, ತಮಿಳು, ತುಳು ಪದಗಳನ್ನು ನಾನು ಹಿಂದೆ ಬರೆದಿದ್ದ ಜಾಗದಲ್ಲಿ, ಮೊಬೈಲ್ ನೋಡಿಕೊಂಡು ಆ ಮೂರು ಅಕ್ಷರ ಬರೆದಳು. ಅಗ್ ಎರಡು ಸಲ ಸೊಟ್ಟಗಾಯಿತು, ಮೂರನೇ ಸಲ ಸರಿಬಂತು.